ಬೈರೂತಿನ ಎರಡು ಗಂಟೆಗಳು

2023ರ ಮಾರ್ಚ್ 23, ಗುರುವಾರ. ಲೆಬನಾನಿನಲ್ಲಿ ರಂಜಾನ್ ಉಪವಾಸ ಶುರುವಾದ ದಿನ. ಅಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ ಬೇಸಿಗೆ ಸಮಯಕ್ಕೆ ಹೋಗುವುದು ವಾಡಿಕೆ. ಆ ವರ್ಷ ಅದು 26ರಂದು, ಶನಿವಾರ ರಾತ್ರಿ 12 ಹೊಡೆಯುತ್ತಿದ್ದಂತೆ ಆಗಬೇಕಿತ್ತು. ಆದರೆ ಗುರುವಾರ ಹಂಗಾಮಿ ಪ್ರಧಾನಿ ನಜೀಬ್ ಮಿಕಾತಿ, ಈ ಸಲ ಗಡಿಯಾರ ತಿರುಗಿಸುವುದು ಏಪ್ರಿಲ್ 20ರ ರಾತ್ರಿಗೆ ಎಂದು ಘೋಷಿಸಿದರು. ಹೊಸ ಸಮಯ ಬಂದರೆ ಸೂರ್ಯ ಮುಳುಗುವುದು ಗಡಿಯಾರದಲ್ಲಿ ಆರರ ಬದಲು ಏಳರ ಹೊತ್ತಿಗೆ. ಹಳೆಯ ಸಮಯವೇ ಉಳಿದರೆ ಉಪವಾಸ ಬಿಡುವುದು ಆರರ ಹೊತ್ತಿಗೆ. ಉಪವಾಸದ ಉದ್ದ ಒಂದು ನಿಮಿಷವೂ ಬದಲಾಗುವುದಿಲ್ಲ. ಆದರೂ ನಿರ್ಧಾರ ಆಗಿಹೋಯಿತು. ಮಧ್ಯೆ ಉಳಿದಿದ್ದು ಮೂರು ದಿನ.

ದೇಶ ಎರಡು ಹೋಳಾಯಿತು. ಮ್ಯಾರೊನೈಟ್ ಚರ್ಚ್ ಈ ಆದೇಶವನ್ನು ಒಪ್ಪಲಿಲ್ಲ. ಕೆಲವು ಟಿವಿ ವಾಹಿನಿಗಳು ಭಾನುವಾರವೇ ಗಡಿಯಾರ ಮುಂದೆ ಮಾಡಿದವು. ಸರ್ಕಾರಿ ಕಚೇರಿಗಳು ಹಳೆಯ ಸಮಯದಲ್ಲೇ ಉಳಿದವು. ದೂರವಾಣಿ ಕಂಪನಿಗಳು ಗ್ರಾಹಕರಿಗೆ ಮೊಬೈಲಿನ ಸಮಯವನ್ನು ನೀವೇ ಕೈಯಿಂದ ಹೊಂದಿಸಿಕೊಳ್ಳಿ ಎಂದು ಸಂದೇಶ ಕಳಿಸಿದವು. ಯಾಕೆಂದರೆ ಸರ್ಕಾರ ಮನಸ್ಸು ಬದಲಾಯಿಸಿದ್ದು ಮೊಬೈಲಿಗೆ ಗೊತ್ತೇ ಇರಲಿಲ್ಲ.

ಮೊಬೈಲಿಗೆ ಯಾಕೆ ಗೊತ್ತಿರಲಿಲ್ಲ? ಇಂಟರ್‌ನೆಟ್ಟಿನಿಂದ ಸಮಯ ತಾನಾಗಿ ಸರಿಯಾಗುತ್ತದಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಇಂಟರ್‌ನೆಟ್ಟಿನಿಂದ ಬರುವುದು ಇಡೀ ಲೋಕಕ್ಕೆ ಒಂದೇ ಆದ ಯುಟಿಸಿ ಸಮಯ ಮಾತ್ರ. ಅದಕ್ಕೆ ಬೈರೂತಿನಲ್ಲಿ ಎರಡು ಗಂಟೆ ಕೂಡಿಸಬೇಕೋ ಮೂರು ಗಂಟೆಯೋ ಎಂಬುದನ್ನು ಯಂತ್ರ ತನ್ನೊಳಗಿನ ಒಂದು ಕಡತ ತೆರೆದು ನೋಡಿಕೊಳ್ಳುತ್ತದೆ. ಲಿನಕ್ಸ್ ಯಂತ್ರದಲ್ಲಿ ಅದು `/usr/share/zoneinfo/Asia/Beirut` ಎಂಬಲ್ಲಿ ಕೂತಿರುತ್ತದೆ. ಯಾವ ವರ್ಷ ಯಾವ ದಿನ ಎಷ್ಟು ಹೊತ್ತಿಗೆ ಗಡಿಯಾರ ಹಿಂದೆ ಮುಂದೆ ಆಯಿತು, ಮುಂದೆ ಯಾವಾಗ ಆಗಲಿದೆ ಎಂಬ ಪಟ್ಟಿ ಅದರೊಳಗಿದೆ. ಲೋಕದ ಎಲ್ಲ ಪ್ರದೇಶಗಳ ಇಂಥ ಪಟ್ಟಿಗಳು ಸೇರಿದ್ದೇ ಟಿಝಡ್ ದತ್ತಾಂಶ. ಇದನ್ನು ಕಟ್ಟಿದವರು ಆರ್ಥರ್ ಡೇವಿಡ್ ಓಲ್ಸನ್. ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಎಗರ್ಟ್ ಸ್ವಯಂಸೇವಕರ ಜೊತೆ ಸೇರಿ ನೋಡಿಕೊಳ್ಳುತ್ತಾರೆ. 2011ರಿಂದ ಇದನ್ನು ಪ್ರಕಟಿಸುವ ಹೊಣೆ ಐಯಾನಾ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದು. ಸರ್ಕಾರಗಳು ತಾವಾಗಿ ಬಂದು ಇವರಿಗೆ ತಿಳಿಸಬೇಕೆಂಬ ಕಟ್ಟುಪಾಡು ಯಾವುದೂ ಇಲ್ಲ. ಬಹಳ ಸಲ ಆ ದೇಶದ ಯಾರೋ ಒಬ್ಬರು ಸುದ್ದಿ ಓದಿ ತಿಳಿಸಿದ ಮೇಲೆಯೇ ಬದಲಾವಣೆ ಪಟ್ಟಿಗೆ ಸೇರುತ್ತದೆ.

ಈ ದತ್ತಾಂಶದ ಆವೃತ್ತಿಗಳಿಗೆ ವರ್ಷ ಮತ್ತು ಅಕ್ಷರ ಸೇರಿಸಿ ಹೆಸರಿಡುತ್ತಾರೆ. 2023ರ ಮೊದಲ ಆವೃತ್ತಿ `2023a` ಬಂದಿದ್ದು ಮಾರ್ಚ್ 22ರಂದು. ಈಜಿಪ್ಟ್ ಬೇಸಿಗೆ ಸಮಯವನ್ನು ಮತ್ತೆ ತಂದಿದ್ದು ಅದರಲ್ಲಿ ಸೇರಿತ್ತು. ಮರುದಿನವೇ ಲೆಬನಾನಿನ ಘೋಷಣೆ. ಅಮೆರಿಕದ ಗಡಿಯಾರದಲ್ಲಿ ಅದೇ 23ರ ಸಂಜೆ `2023b` ಹೊರಬಿತ್ತು: ಲೆಬನಾನ್ ಈ ವರ್ಷ ಏಪ್ರಿಲ್ 20ರ ರಾತ್ರಿ ಮುಂದೆ ಹೋಗುತ್ತದೆ. ಸಂಬಳವಿಲ್ಲದೆ ಮಾಡುವ ಕೆಲಸದಲ್ಲಿ ಇದಕ್ಕಿಂತ ಚುರುಕು ಯಾರೂ ಕೇಳಲಾರರು. ಆದರೆ ಆವೃತ್ತಿ ಹೊರಬೀಳುವುದಕ್ಕೂ ಅದು ಬೈರೂತಿನ ಒಬ್ಬ ಹೆಂಗಸಿನ ಮೊಬೈಲಿಗೆ ತಲುಪುವುದಕ್ಕೂ ನಡುವೆ ಬಲು ದೂರ.

ದತ್ತಾಂಶದ ಪ್ರತಿ ಒಂದೇ ಕಡೆ ಇಲ್ಲದಿರುವುದೇ ಇದಕ್ಕೆ ಕಾರಣ. ಡೆಬಿಯನ್, ರೆಡ್‌ಹ್ಯಾಟ್‌ನಂಥ ವ್ಯವಸ್ಥೆಗಳು ಅದನ್ನು ತಮ್ಮ ಪೊಟ್ಟಣದಲ್ಲಿ ಕಟ್ಟಿ ಕಳಿಸಬೇಕು, ಆಡಳಿತ ನೋಡುವವರು ಅದನ್ನು ಹಾಕಿಕೊಳ್ಳಬೇಕು. ಜಾವಾ ತನ್ನದೇ ಬೇರೆ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಹಾಗಾಗಿ ಲಿನಕ್ಸಿನ ಪ್ರತಿಯನ್ನು ಹೊಸದು ಮಾಡಿದರೂ ಅದೇ ಯಂತ್ರದ ಜಾವಾ ತಂತ್ರಾಂಶ ಹಳೆಯದನ್ನೇ ಓದುತ್ತದೆ. ಬ್ರೌಸರಿಗೆ ಇನ್ನೊಂದು ಪ್ರತಿ, ವಿಂಡೋಸಿಗೆ ತನ್ನದೇ ರೀತಿಯ ಪಟ್ಟಿ. ಆಂಡ್ರಾಯ್ಡ್ 10ರಿಂದೀಚೆಗೆ ಪೂರ್ತಿ ಫೋನ್ ಅಪ್‌ಡೇಟ್ ಇಲ್ಲದೆಯೂ ಈ ಪಟ್ಟಿಯನ್ನು ಕಳಿಸುವ ದಾರಿ ಮಾಡಿದ್ದಾರೆ, ಆದರೆ ಹಳೆಯ ಫೋನುಗಳಿಗೆ ಆ ಭಾಗ್ಯವಿಲ್ಲ. ಇನ್ನೂ ಒಂದು ತೊಡಕು: ತಿಂಗಳುಗಟ್ಟಲೆ ನಿಲ್ಲಿಸದೆ ಓಡುತ್ತಿರುವ ಸರ್ವರ್ ತಂತ್ರಾಂಶ ಬಹುಮಟ್ಟಿಗೆ ಶುರುವಾದಾಗ ಓದಿಕೊಂಡ ಪಟ್ಟಿಯನ್ನೇ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಡಿಸ್ಕಿನ ಮೇಲೆ ಹೊಸ ಕಡತ ಬಂದು ಕೂತರೂ, ನಿಲ್ಲಿಸಿ ಮತ್ತೆ ಶುರು ಮಾಡುವ ತನಕ ಅದಕ್ಕೆ ಹಳೆಯ ಲೆಕ್ಕವೇ.

ನಿಮ್ಮ ಲಿನಕ್ಸ್ ಯಂತ್ರದಲ್ಲಿ ಯಾವ ಆವೃತ್ತಿ ಇದೆ, ಬೈರೂತಿನ ಬಗ್ಗೆ ಅದು ಏನು ಹೇಳುತ್ತದೆ ಎಂದು ನೋಡಲು ಸಾಮಾನ್ಯವಾಗಿ ಎರಡು ಸಾಲು ಸಾಕು:

```
head -1 /usr/share/zoneinfo/tzdata.zi
zdump -v Asia/Beirut | grep 2023
```

ಮೊದಲನೆಯದು ಆವೃತ್ತಿಯ ಹೆಸರು ತೋರಿಸುತ್ತದೆ. ಎರಡನೆಯದು ಆ ವರ್ಷ ಗಡಿಯಾರ ಬದಲಾದ ಕ್ಷಣಗಳನ್ನು ತೋರಿಸುತ್ತದೆ. ಆ ವಾರ `2023a` ಇದ್ದ ಯಂತ್ರದಲ್ಲಿ ಮಾರ್ಚ್ 26 ಕಾಣುತ್ತಿತ್ತು, `2023b` ಇದ್ದದ್ದರಲ್ಲಿ ಏಪ್ರಿಲ್ 21. ಒಂದೇ ಕಚೇರಿಯ ಎರಡು ಮೇಜಿನ ಮೇಲೆ ಎರಡೂ ಇರಬಹುದಿತ್ತು.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ಸೋಮವಾರ, 27ರಂದು ಲೆಬನಾನಿನ ಸಂಪುಟ ತನ್ನ ಆದೇಶವನ್ನು ಹಿಂದಕ್ಕೆ ಪಡೆಯಿತು. ಬೇಸಿಗೆ ಸಮಯ ಬುಧವಾರ ರಾತ್ರಿ, ಅಂದರೆ 30ನೇ ತಾರೀಖು ಹುಟ್ಟುವಾಗ ಶುರು ಎಂದಿತು. ಈಗ ಹೊಸ ಪಟ್ಟಿಯನ್ನು ಚಾಚೂ ತಪ್ಪದೆ ಹಾಕಿಕೊಂಡ ಯಂತ್ರಗಳೇ ತಪ್ಪಾಗುವ ಹೊತ್ತು, ಉದಾಸೀನ ಮಾಡಿದವು ಸರಿಯಾಗುವ ಹೊತ್ತು.

ಗಡಿಯಾರ ಎದುರಿಗೇ ಕಾಣುತ್ತದೆ, ಅದು ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ತಂತ್ರಾಂಶದೊಳಗೆ ಬರೆದಿಟ್ಟ ಮುಂದಿನ ತಾರೀಖುಗಳಿಗೆ ಆದ ಪೆಟ್ಟು ಹಾಗಲ್ಲ, ಅದು ಬೇಗ ಕಣ್ಣಿಗೆ ಬೀಳುವುದೇ ಇಲ್ಲ. ಬೈರೂತಿನ ಒಂದು ಆಸ್ಪತ್ರೆಯನ್ನು ಊಹಿಸಿಕೊಳ್ಳಿ. ಫೆಬ್ರವರಿಯಲ್ಲಿ ಒಬ್ಬ ರೋಗಿ ಏಪ್ರಿಲ್ 5ರ ಬೆಳಿಗ್ಗೆ 10ಕ್ಕೆ ವೈದ್ಯರ ಭೇಟಿ ಗೊತ್ತು ಮಾಡುತ್ತಾನೆ. ಸಮಯವನ್ನು ಯಾವಾಗಲೂ ಯುಟಿಸಿಗೆ ತಿರುಗಿಸಿ ಇಡಿ ಎಂದು ಪ್ರೋಗ್ರಾಮರುಗಳಿಗೆ ಕಲಿಸಿರುತ್ತಾರೆ. ಆಗಿನ ಪಟ್ಟಿಯ ಪ್ರಕಾರ ಏಪ್ರಿಲ್ 5 ಬೇಸಿಗೆ ಸಮಯ, ಮೂರು ಗಂಟೆ ಕಳೆದು 07:00 ಎಂದು ದಾಖಲಾಗುತ್ತದೆ. ಮಾರ್ಚ್ 25ರಂದು ಸರ್ವರಿಗೆ `2023b` ಹಾಕುತ್ತಾರೆ. ಈಗ ಏಪ್ರಿಲ್ 5ಕ್ಕೆ ಕೂಡಿಸಬೇಕಾದ್ದು ಎರಡೇ ಗಂಟೆ. ಆಸ್ಪತ್ರೆಯ ಪರದೆ ಆ ಭೇಟಿಯನ್ನು 9 ಗಂಟೆಗೆ ತೋರಿಸುತ್ತದೆ. ಯಾರೂ ಅದನ್ನು ಮುಟ್ಟಿಲ್ಲ, ದಾಖಲೆಯಲ್ಲಿ ಒಂದಕ್ಷರ ಬದಲಾಗಿಲ್ಲ.

27ರಂದು ಇನ್ನೊಬ್ಬ ರೋಗಿ ಅದೇ ಏಪ್ರಿಲ್ 5ರ 11 ಗಂಟೆಗೆ ಹೆಸರು ಬರೆಸುತ್ತಾನೆ. ಎರಡು ಗಂಟೆ ಕಳೆದು 09:00 ಎಂದು ದಾಖಲಾಗುತ್ತದೆ. ಆಮೇಲೆ ಸರ್ಕಾರದ ಎರಡನೇ ನಿರ್ಧಾರಕ್ಕೆ ತಕ್ಕಂತೆ ಪಟ್ಟಿ ಮತ್ತೆ ಬದಲಾದಾಗ ಮೊದಲ ರೋಗಿಯ ಭೇಟಿ ತಾನಾಗಿ 10ಕ್ಕೆ ಮರಳುತ್ತದೆ. ಎರಡನೆಯವನದು 12ಕ್ಕೆ ಜಾರುತ್ತದೆ! ಈಗ ದತ್ತಾಂಶದಲ್ಲಿ ಎರಡು ಬಗೆಯ ಸಾಲುಗಳು ಬೆರೆತುಹೋಗಿವೆ. ನೋಡಲು ಎರಡೂ ಒಂದೇ ಥರ. ಯಾವ ಸಾಲನ್ನು ಯಾವ ಪಟ್ಟಿ ನೋಡಿ ಬರೆದರು ಎಂಬ ಗುರುತು ಇಲ್ಲದಿದ್ದರೆ, ಎಷ್ಟೇ ಜಾಣ ಎಂಜಿನಿಯರ್ ಬಂದರೂ ಅದನ್ನು ಬೇರ್ಪಡಿಸಲಾರ. ಸಾಲು ಹುಟ್ಟಿದ ಹೊತ್ತು ಮತ್ತು ಸರ್ವರಿಗೆ ಅಪ್‌ಡೇಟ್ ಹಾಕಿದ ಹೊತ್ತು ಎರಡೂ ದಾಖಲಾಗಿದ್ದರೆ ಮಾತ್ರ ಬಿಡಿಸಬಹುದು.

ರೋಗಿ ಹೇಳಿದ್ದು ಬೈರೂತಿನಲ್ಲಿ ಬೆಳಿಗ್ಗೆ 10 ಎಂದು. ಯುಟಿಸಿಯ 7 ಗಂಟೆ ಅವನ ಮಾತಲ್ಲ, ಅದು ನಾವು ಅವತ್ತಿನ ಕಾನೂನಿನ ಮೇಲೆ ಮಾಡಿಕೊಂಡ ಲೆಕ್ಕ. ಕಾನೂನು ಬದಲಾದರೆ ಲೆಕ್ಕ ಬದಲಾಗಬೇಕು, ಮಾತು ಉಳಿಯಬೇಕು. ಹಾಗಾಗಿ ಮುಂದಿನ ಭೇಟಿಗಳನ್ನು `2023-04-05 10:00` ಎಂಬ ಸ್ಥಳೀಯ ಸಮಯ ಮತ್ತು `Asia/Beirut` ಎಂಬ ಪ್ರದೇಶದ ಹೆಸರು, ಇವೆರಡನ್ನೂ ಸೇರಿಸಿ ಇಡುವುದೇ ಸರಿಯಾದ ಪದ್ಧತಿ. ಜ್ಞಾಪನೆ ಕಳಿಸುವ ಕೆಲಸಕ್ಕೆ ಯುಟಿಸಿ ಬೇಕಾದರೆ ಪಕ್ಕದಲ್ಲಿ ಬರೆದುಕೊಳ್ಳಿ, ಯಾವ ಆವೃತ್ತಿಯಿಂದ ತೆಗೆದದ್ದು ಎಂದೂ ಬರೆಯಿರಿ, ಹೊಸ ಆವೃತ್ತಿ ಬಂದಾಗ ಮುಂದಿನ ತಾರೀಖುಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ. ಈಗಾಗಲೇ ನಡೆದುಹೋದ ಘಟನೆಗಳಿಗೆ ಮಾತ್ರ ಯುಟಿಸಿ ಸಾಕು.

ಆದರೆ ಎಲ್ಲ ಸಮಯವೂ ಬೈರೂತಿನದಲ್ಲ. ಪ್ಯಾರಿಸಿನಲ್ಲಿ ಇಳಿಯುವ ವಿಮಾನಕ್ಕೆ ಅಲ್ಲಿ ಕೊಟ್ಟ ಹೊತ್ತು ಲೆಬನಾನಿನ ಸಂಪುಟ ಹೇಳಿದಂತೆ ಸರಿಯುವುದಿಲ್ಲ. ಮಿಡಲ್ ಈಸ್ಟ್ ಏರ್‌ಲೈನ್ಸ್ ಆಗ ತನ್ನ ಗಡಿಯಾರ ಹಳೆಯ ಸಮಯದಲ್ಲೇ ಇರುತ್ತದೆ, ವಿಮಾನಗಳ ಹೊತ್ತನ್ನು ಮಾತ್ರ ಅಂತರರಾಷ್ಟ್ರೀಯ ವೇಳಾಪಟ್ಟಿಗೆ ಹೊಂದಿಸುತ್ತೇವೆ ಎಂದು ತಿಳಿಸಿದ್ದು ಇದಕ್ಕೇ. ಭೇಟಿಯ ಹೊತ್ತು ಯಾವ ಊರಿನದು ಎಂದು ಮೊದಲು ಕೇಳಿಕೊಳ್ಳಬೇಕು, ಆ ಊರಿನ ಹೆಸರನ್ನೇ ದಾಖಲೆಯಲ್ಲಿ ಇಡಬೇಕು.

ಬೆಂಗಳೂರಿನಲ್ಲಿ ಕೂತು ಪರದೇಶಗಳಿಗೆ ತಂತ್ರಾಂಶ ಬರೆಯುವವರಿಗೆ ಈ ಮಾತು ಹೆಚ್ಚು ತಾಗುತ್ತದೆ. ನಮ್ಮ ದೇಶಕ್ಕೆಲ್ಲ ಒಂದೇ ಸಮಯ, ವರ್ಷವಿಡೀ ಐದೂವರೆ ಗಂಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರ ಆರೂವರೆ ಗಂಟೆಗೆ ಹೋಗಿದ್ದು ಬಿಟ್ಟರೆ ಈಗಿನವರು ಯಾರೂ ಅದು ಅಲುಗಿದ್ದು ಕಂಡಿಲ್ಲ. ಹಾಗಾಗಿ `+05:30` ಎಂದು ನೇರವಾಗಿ ಕೋಡಿನಲ್ಲಿ ಬರೆದುಬಿಟ್ಟರೂ ನಡೆಯುತ್ತದೆ, ಎಂದೂ ತಪ್ಪು ಕಾಣುವುದಿಲ್ಲ. ಅದೇ ಕೈ ಬೈರೂತಿಗೆ `+03:00` ಎಂದು ಬರೆದಾಗ ಮಾತ್ರ ಬೆಲೆ ತೆರಬೇಕಾಗುತ್ತದೆ. `+03:00` ಎಂಬುದು ಒಂದು ಸಂಖ್ಯೆ ಅಷ್ಟೇ, ಅದಕ್ಕೆ ಯಾವ ಅಪ್‌ಡೇಟೂ ತಾಗುವುದಿಲ್ಲ.

ಲೆಬನಾನ್ ಒಂದೇ ಹೀಗೆ ಮಾಡಿದ್ದಲ್ಲ. 2018ರಲ್ಲಿ ಮೊರಾಕೊ ಬೇಸಿಗೆ ಸಮಯವನ್ನು ವರ್ಷವಿಡೀ ಉಳಿಸಿಕೊಳ್ಳಲು ಅಕ್ಟೋಬರ್ 26ರಂದು ತೀರ್ಮಾನಿಸಿತು. ಗಡಿಯಾರ ಹಿಂದಕ್ಕೆ ಹೋಗಬೇಕಿದ್ದದ್ದು 28ಕ್ಕೆ. ಹೊಸ ಆವೃತ್ತಿ ಅದೇ ದಿನ ಬಂದರೂ ಎರಡು ದಿನದಲ್ಲಿ ಎಷ್ಟು ಯಂತ್ರ ಮುಟ್ಟೀತು?

ಲೆಬನಾನಿನ ಎರಡನೇ ನಿರ್ಧಾರವನ್ನು ಪಟ್ಟಿಗೆ ಹೇಗೆ ಸೇರಿಸುವುದು ಎಂಬುದು ಎಗರ್ಟ್ ಅವರಿಗೆ ಎದುರಾದ ಕಠಿಣ ಪ್ರಶ್ನೆ. ಆದೇಶದ ಪ್ರಕಾರ ಬದಲಾವಣೆಯ ದಿನ ಮಾರ್ಚ್ 30. ಆದರೆ ಬಹಳಷ್ಟು ಯಂತ್ರಗಳು ಹಳೆಯ ಪಟ್ಟಿ ನೋಡಿ 26ರಂದೇ ಮುಂದೆ ಹೋಗಿದ್ದವು, ದೇಶದ ಅರ್ಧ ಜನರೂ ಅವುಗಳ ಜೊತೆಗಿದ್ದರು. ಮಾರ್ಚ್ 28ರಂದು `2023c` ಬಂತು. ಅದರ ದತ್ತಾಂಶ `2023a`ಯದೇ, ಅಂದರೆ ಲೆಬನಾನ್ 26ರಂದೇ ಬದಲಾಯಿತು ಎಂಬಂತೆ. ಇರುವ ಕೆಟ್ಟ ದಾರಿಗಳಲ್ಲಿ ಇದೇ ಮೇಲು ಎಂದು ಅವರು ಟಿಪ್ಪಣಿಯಲ್ಲಿ ಬರೆದರು. ನನಗೂ ಅದು ಸರಿಯಾದ ತೀರ್ಮಾನವೇ ಅನ್ನಿಸುತ್ತದೆ. `2023b` ಇನ್ನೂ ಮುಟ್ಟದ ಯಂತ್ರಗಳು ಸುಮ್ಮನೆ ಬಿಟ್ಟರೂ 30ರ ಹೊತ್ತಿಗೆ ಸರಿಯಾಗಿರುತ್ತವೆ, ಮುಟ್ಟಿದ ಕೆಲವಕ್ಕೆ ಮಾತ್ರ ಮತ್ತೊಂದು ಅಪ್‌ಡೇಟ್ ಬೇಕು.

ಅದರ ಬೆಲೆ ಆ ನಾಲ್ಕು ದಿನಗಳ ಚರಿತ್ರೆ. ಇಂದು ಯಾವ ಯಂತ್ರವನ್ನು ಕೇಳಿದರೂ 2023ರ ಮಾರ್ಚ್ 27ರಂದು ಬೈರೂತಿನ ಸಮಯ ಯುಟಿಸಿಗಿಂತ ಮೂರು ಗಂಟೆ ಮುಂದೆ ಇತ್ತು ಎನ್ನುತ್ತದೆ. ಅವತ್ತು ಸರ್ಕಾರಿ ಕಚೇರಿಯ ಗೋಡೆಯ ಗಡಿಯಾರ ಎರಡೇ ಗಂಟೆ ಮುಂದಿತ್ತು. ಆ ದಿನಗಳ ಪೊಲೀಸ್ ವರದಿಯನ್ನೋ ಬ್ಯಾಂಕಿನ ದಾಖಲೆಯನ್ನೋ ಮೊಬೈಲಿನ ಸಂದೇಶದ ಜೊತೆ ಹೋಲಿಸಿ ನೋಡುವವರು, ಒಂದು ಗಂಟೆಯ ವ್ಯತ್ಯಾಸ ಕಂಡರೆ, ಅದನ್ನು ಬರೆದವರು ಯಾವ ಗಡಿಯಾರ ನೋಡಿದ್ದರು ಎಂದು ಒಂದೊಂದಕ್ಕೂ ವಿಚಾರಿಸಿಯೇ ತಿಳಿಯಬೇಕು.