ಕತ್ತಿಗೂ ಮೊದಲು ಬಿಸಿ ಟವೆಲ್

ಬೆಂಗಳೂರು, ಮೈಸೂರಿನ ಅನೇಕ ಸಲೂನುಗಳ ದರಪಟ್ಟಿಯಲ್ಲಿ ಈಗ ಮಾಮೂಲಿ ಶೇವಿಂಗ್ ಕೆಳಗೆ ‘ಹಾಟ್ ಟವೆಲ್ ಶೇವ್’ ಎಂಬ ಇನ್ನೊಂದು ಸಾಲು ಕಾಣಿಸುತ್ತದೆ. ಮಾಮೂಲಿ ಶೇವಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ಮೊದಲ ಸಲ ಹೋಗುವವರ ಭಯವೆಲ್ಲ ಗಂಟಲ ಮೇಲೆ ಆಡುವ ಕತ್ತಿಯದ್ದು. ಆದರೆ ಶೇವಿಂಗ್ ಚೆನ್ನಾಗಿ ಬರುತ್ತದೋ ಉರಿಯುತ್ತದೋ ಎಂಬುದು ಕತ್ತಿ ಮುಖಕ್ಕೆ ಬರುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಹೋಗುವಾಗ ಎರಡು ಮೂರು ದಿನದ ಗಡ್ಡ ಇದ್ದರೆ ಒಳ್ಳೆಯದು. ತೀರಾ ಚಿಕ್ಕದಿದ್ದರೆ ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂದು ತಿಳಿಯುವುದಿಲ್ಲ. ಉದ್ದವಿದ್ದರೆ ಮೊದಲು ಟ್ರಿಮ್ಮರ್ ಆಡಿಸಬೇಕಾಗುತ್ತದೆ. ಮುಖದ ಮೇಲೆ ಹಣ್ಣಾದ ಮೊಡವೆ, ತುಟಿಯಂಚಿನಲ್ಲಿ ನೀರುಗುಳ್ಳೆ ಇದ್ದರೆ ಆ ವಾರ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಮ್ಮ ಡಾಕ್ಟರನ್ನು ಕೇಳಿಯೇ ಹೋಗಬೇಕು. ಒಬ್ಬರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಇನ್ನೊಬ್ಬರ ಚರ್ಮ ಬಹಳ ನಾಜೂಕಾಗಿರುತ್ತದೆ.

ಕುರ್ಚಿ ಹಿಂದಕ್ಕೆ ಬಾಗಿ, ತಲೆ ದಿಂಬಿಗೆ ಒರಗಿದ ಮೇಲೆ ಟವೆಲ್ ಬರುತ್ತದೆ. ಬಿಸಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಟವೆಲನ್ನು ಕೆಲಸಗಾರ ಮೊದಲು ತನ್ನ ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡಬೇಕು. ಆಮೇಲೆ ಗಲ್ಲದ ಕೆಳಗಿನಿಂದ ಸುತ್ತಿ, ಮೂಗಿನ ಹೊಳ್ಳೆ ಮುಚ್ಚದಂತೆ ಹಣೆಯ ಮೇಲೆ ಮಡಚುತ್ತಾನೆ. ಮುಖಕ್ಕೆ ಹಿತವಾದ ಶಾಖ ತಗಲಬೇಕು, ಚುರುಕ್ ಎನ್ನಬಾರದು. ಎಂದರೆ ಆ ಕ್ಷಣವೇ ಹೇಳಿ, ಸಹಿಸಿಕೊಂಡು ಕೂರಬೇಡಿ. ಬಿಸಿಗೆ ಕೆಂಪಾದ ಚರ್ಮದ ಮೇಲೆ ಕತ್ತಿ ಆಡಿದರೆ ಉರಿ ದಿನವಿಡೀ ಇರುತ್ತದೆ.

ಗಡ್ಡದ ಕೂದಲು ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಮೆತ್ತಗಾದ ಕೂದಲನ್ನು ಕತ್ತರಿಸಲು ಒಣಕೂದಲಿಗಿಂತ ಬಹಳ ಕಡಿಮೆ ಒತ್ತಡ ಸಾಕು. ಒತ್ತಡ ಕಡಿಮೆಯಾದಷ್ಟೂ ಚರ್ಮಕ್ಕೆ ಏಟು ಕಡಿಮೆ. ಆದರೆ ಕೂದಲು ಹಾಗೆ ನೆನೆಯಲು ಎರಡು ಮೂರು ನಿಮಿಷವಾದರೂ ಬೇಕು. ಟವೆಲ್ ಒಂದೆರಡು ನಿಮಿಷಕ್ಕೆಲ್ಲ ಆರಿಹೋಗುತ್ತದೆ. ಹಾಗಾಗಿ ಕೆಲಸ ಬಲ್ಲವನು ಒಂದು ಟವೆಲ್ ತೆಗೆದು, ಬ್ರಷ್ಷಿನಿಂದ ನೊರೆ ಹಚ್ಚಿ, ಮತ್ತೊಂದು ಟವೆಲ್ ಹಾಕಿ, ಅದನ್ನು ಒರೆಸಿ ಹೊಸದಾಗಿ ನೊರೆ ಹಚ್ಚುತ್ತಾನೆ. ಬ್ರಷ್ ಸುತ್ತು ಸುತ್ತಾಗಿ ಆಡುವಾಗ ಮಲಗಿದ್ದ ಕೂದಲು ಎದ್ದು ನಿಲ್ಲುತ್ತದೆ. ನೊರೆಯಲ್ಲಿ ದೊಡ್ಡ ಗುಳ್ಳೆಗಳಿರದೆ, ಗಟ್ಟಿ ಮೊಸರಿನ ಹಾಗೆ ಮುಖಕ್ಕೆ ಅಂಟಿರಬೇಕು. ಟವೆಲನ್ನು ಅರ್ಧ ನಿಮಿಷ ಹಾಕಿ ತೆಗೆದು ಕತ್ತಿ ಹಿಡಿದರೆ ನೀವು ಹೆಚ್ಚಿಗೆ ಕೊಟ್ಟ ದುಡ್ಡು ವ್ಯರ್ಥ.

ಇನ್ನು ಕತ್ತಿ. ಚರ್ಮದ ಪಟ್ಟಿಗೆ ಮಸೆಯುವ ಹಳೆಯ ಕಾಲದ ಒಂಟಿ ಕತ್ತಿಯನ್ನು ಗಿರಾಕಿಗೊಂದರಂತೆ ಬದಲಿಸಲಾಗದು. ಅದಕ್ಕೇ ನಮ್ಮಲ್ಲಿ ಹೆಚ್ಚಿನ ಅಂಗಡಿಗಳಲ್ಲಿರುವುದು ಬ್ಲೇಡ್ ಹಾಕುವ ಕತ್ತಿ. ಎರಡು ಬಾಯಿಯ ಬ್ಲೇಡನ್ನು ಕಾಗದದೊಳಗಿರುವಾಗಲೇ ಉದ್ದಕ್ಕೆ ಮಡಚಿದರೆ ಟಕ್ಕೆಂದು ಎರಡಾಗುತ್ತದೆ. ಒಂದು ಅರ್ಧ ಕತ್ತಿಗೆ ಹೋಗುತ್ತದೆ, ಇನ್ನೊಂದು ಅರ್ಧ ಕಾಗದದಲ್ಲೇ ಉಳಿಯುತ್ತದೆ. ಇದು ನಿಮ್ಮ ಕಣ್ಣೆದುರೇ ಆಗಬೇಕು. ಕತ್ತಿಯಲ್ಲಿ ಆಗಲೇ ಬ್ಲೇಡ್ ಇದ್ದರೆ, “ಅಣ್ಣಾ, ಹೊಸ ಬ್ಲೇಡ್ ಹಾಕಿಬಿಡಿ” ಎನ್ನಿ. ಇದರಲ್ಲಿ ಸಂಕೋಚಕ್ಕೆ ಜಾಗವೇ ಇಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಬ್ಲೇಡನ್ನು ಡೆಟಾಲ್ ನೀರಿನಲ್ಲಿ ಅದ್ದಿ ತೆಗೆದುಬಿಟ್ಟರೆ ಅದು ಸಾಯುತ್ತದೆಂದು ನಂಬಬೇಡಿ. ಟವೆಲ್ ವಿಷಯವೂ ಅಷ್ಟೇ, ಒಗೆದು ಮಡಚಿಟ್ಟದ್ದನ್ನೇ ತೆಗೆಯುತ್ತಾನೆಯೇ ನೋಡಿ.

ಕತ್ತಿ ಆಡುವಾಗ ನಿಮಗಿರುವ ಕೆಲಸ ಸುಮ್ಮನಿರುವುದು. ಆತ ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿಟ್ಟು ಚಿಕ್ಕ ಚಿಕ್ಕದಾಗಿ ಎಳೆಯುತ್ತಾನೆ. ಮೇಲ್ತುಟಿಗೆ ಬಂದಾಗ ಮೂಗಿನ ತುದಿಯನ್ನು ಬೆರಳಿನಿಂದ ಎತ್ತುತ್ತಾನೆ, ಗಾಬರಿ ಬೇಡ. ಗಂಟಲ ಉಬ್ಬಿನ ಹತ್ತಿರ ಬಂದಾಗ ಚರ್ಮವನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾನೆ. ಅಲ್ಲಿ ಎಂಜಲು ನುಂಗಿದರೆ ಉಬ್ಬು ಮೇಲೆ ಕೆಳಗೆ ಓಡುತ್ತದೆ, ಆದ್ದರಿಂದ ನುಂಗುವುದಿದ್ದರೆ, ಮಾತಾಡುವುದಿದ್ದರೆ ಆತ ಕತ್ತಿ ಒರೆಸಿಕೊಳ್ಳಲು ಕೈ ತೆಗೆದಾಗ. ಕಿವಿಗೆ ಕರಕರ ಸದ್ದು ಕೇಳಿಸುತ್ತದೆ, ಅದು ಸಹಜ. ಕೂದಲು ಜಗ್ಗಿದ ಹಾಗಾದರೆ ಮಾತ್ರ ಸಹಜವಲ್ಲ. ನೊರೆ ಒಣಗಿದೆ, ಇಲ್ಲವೇ ಬ್ಲೇಡ್ ಮೊಂಡಾಗಿದೆ.

ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿನಲ್ಲೇ ಆಗಬೇಕು. ತೊಡಕಿರುವುದು ಕುತ್ತಿಗೆಯಲ್ಲಿ. ನನ್ನ ಅಕ್ಕನ ಮಗನಿಗೆ ಕೆನ್ನೆಯಲ್ಲಿ ಕೂದಲು ನೇರ ಕೆಳಮುಖ, ಆದರೆ ಕುತ್ತಿಗೆಯ ಎಡಭಾಗದಲ್ಲಿ ಕಾಲರಿನಿಂದ ದವಡೆಯ ಕಡೆಗೆ ಮೇಲ್ಮುಖ. ಎಲ್ಲ ಕಡೆ ಮೇಲಿನಿಂದ ಕೆಳಕ್ಕೆ ಎಳೆಯುವವರ ಕೈಗೆ ಸಿಕ್ಕಾಗಲೆಲ್ಲ ಅವನಿಗೆ ಅದೊಂದೇ ಜಾಗದಲ್ಲಿ ಮೂರನೆಯ ದಿನ ಕೆಂಪು ಗುಳ್ಳೆಗಳು ಏಳುತ್ತಿದ್ದವು. ಎದುರು ದಿಕ್ಕಿನಲ್ಲಿ ಬಿಗಿಹಿಡಿದು ಕೊಯ್ದ ಕೂದಲು ಚರ್ಮದ ಮಟ್ಟಕ್ಕಿಂತ ಒಳಗೆ ಸರಿಯುತ್ತದೆ, ಮತ್ತೆ ಬೆಳೆಯುವಾಗ ಹೊರದಾರಿ ಸಿಗದೆ ಒಳಗೇ ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಈ ಕಾಟ ಹೆಚ್ಚು. ಕೊನೆಗೆ ಅವನ ಬೀದಿಯ ಹಿರಿಯರೊಬ್ಬರು ನೊರೆ ಹಚ್ಚುವ ಮೊದಲು ಕುತ್ತಿಗೆಯ ಮೇಲೆ ಬೆರಳಾಡಿಸಿ ನೋಡಿ, ಆ ಎಡಭಾಗವನ್ನಷ್ಟೇ ಕೆಳಗಿನಿಂದ ಮೇಲಕ್ಕೆ ತೆಗೆದರು. ಎರಡನೆಯ ಸುತ್ತನ್ನು ಕೆನ್ನೆಗೆ ಮಾತ್ರ, ಅದೂ ಅಡ್ಡಡ್ಡಲಾಗಿ ಮಾಡಿ ಕುತ್ತಿಗೆಯನ್ನು ಮುಟ್ಟದೆ ಬಿಟ್ಟರು. ಗುಳ್ಳೆ ಏಳಲಿಲ್ಲ. ನೀವೂ ಮೊದಲ ಸಲ “ಕುತ್ತಿಗೆಗೆ ಒಂದೇ ಸುತ್ತು ಸಾಕು” ಎಂದು ಮೊದಲೇ ಹೇಳಿಬಿಡಿ. ಸ್ವಲ್ಪ ಒರಟು ಉಳಿದರೆ ಉಳಿಯಲಿ.

ಕೊನೆಗೆ ತಣ್ಣನೆಯ ಟವೆಲ್, ಆಮೇಲೆ ಪಟಿಕ. ಪಟಿಕ ಗೀರುಗಾಯದ ರಕ್ತ ನಿಲ್ಲಿಸುತ್ತದೆ, ತುಸು ಚುರುಗುಟ್ಟುತ್ತದೆ. ಆದರೆ ಎಲ್ಲರ ಮುಖಕ್ಕೂ ಉಜ್ಜಿದ ಅದೇ ಗಟ್ಟಿಯನ್ನು ನಿಮ್ಮ ಗಾಯಕ್ಕೂ ಉಜ್ಜಿಸಿಕೊಳ್ಳಬೇಡಿ. ಅದರ ಪುಡಿಯನ್ನು ಹತ್ತಿಯಲ್ಲಿ ಒತ್ತಲು ಹೇಳಿ, ಇಲ್ಲವೇ ಶುದ್ಧ ಹತ್ತಿಯನ್ನೇ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ.

ಇಷ್ಟಾದ ಮೇಲೆ ಕೆಲವು ಕಡೆ ಕೇಳದೆಯೇ ತಲೆ ಮಸಾಜ್ ಶುರುವಾಗಿ, ಕತ್ತನ್ನು ಹಿಡಿದು ಲಟ್ ಎನ್ನಿಸುವ ಹಂತಕ್ಕೆ ಬರುತ್ತದೆ. ಅದನ್ನು ಖಂಡಿತ ಬೇಡವೆನ್ನಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಗಿಸಿದ್ದರಿಂದ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದಿತ್ತು. ಶೇವಿಂಗಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಅಂದು ಸಂಜೆಯವರೆಗೆ ಮುಖ ಸ್ವಲ್ಪ ಬಿಗಿದಂತಿರಬಹುದು. ಗುಳ್ಳೆ ಏಳುವುದಿದ್ದರೆ ಎರಡು ಮೂರು ದಿನದ ಮೇಲೆ ಏಳುತ್ತದೆ. ಆದ್ದರಿಂದ ಮದುವೆ, ನಿಶ್ಚಿತಾರ್ಥಕ್ಕೆಂದು ಹಾಟ್ ಟವೆಲ್ ಶೇವ್ ಮಾಡಿಸುವ ಯೋಚನೆ ಇದ್ದರೆ ಮೊದಲ ಸಲ ಹಿಂದಿನ ದಿನ ಹೋಗಬೇಡಿ. ಎರಡು ವಾರ ಮೊದಲೇ ಅದೇ ಅಂಗಡಿಗೆ ಹೋಗಿ ಒಮ್ಮೆ ಮಾಡಿಸಿ ನೋಡಿ, ಸರಿಹೋದರೆ ಅದೇ ಕೈಯಿಂದಲೇ ಮತ್ತೆ ಮಾಡಿಸಿಕೊಳ್ಳಿ.