ಟೋಕನ್ ಇದ್ದರೂ ವರ್ಗಾವಣೆ ಏಕೆ ನಿಲ್ಲುತ್ತದೆ? ಜಾಲದ ಶುಲ್ಕದ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಅಮೆರಿಕದ ಡಾಲರ್ ಬೆಲೆಗೆ ಹೊಂದಿಸಿದ ಯುಎಸ್‌ಡಿಸಿಯಂತಹ ಟೋಕನ್‌ಗಳನ್ನು ಎಕ್ಸ್‌ಚೇಂಜ್‌ನಿಂದ ತಮ್ಮ ಸ್ವಂತ ವಾಲೆಟ್‌ಗೆ ತರಿಸಿಕೊಂಡವರು, ಅವುಗಳನ್ನು ಮೊದಲ ಬಾರಿಗೆ ಬೇರೊಬ್ಬರಿಗೆ ಕಳುಹಿಸಲು ಹೊರಟಾಗ, ಶಿಲ್ಕು ಕಣ್ಣೆದುರಿಗೇ ಇದ್ದರೂ ವರ್ಗಾವಣೆ ಸಾಗದೆ ನಿಲ್ಲುವುದುಂಟು. ಬ್ಲಾಕ್‌ಚೈನ್ ತಂತ್ರಾಂಶ ಬರೆಯುವವರಿಗೆ ಇದರ ಕಾರಣ ಮೊದಲ ಪಾಠದಲ್ಲೇ ತಿಳಿಯುತ್ತದೆ. ವೈಟ್‌ಫೀಲ್ಡ್‌ನ ಕೆಟಿಪಿಓ ಸಭಾಂಗಣದಲ್ಲಿ 2022 ಮತ್ತು 2023ರ ಡಿಸೆಂಬರ್ ತಿಂಗಳಲ್ಲಿ ನಡೆದ ಇಟಿಎಚ್ ಇಂಡಿಯಾ ಹ್ಯಾಕಥಾನ್‌ನಂತಹ ಕೂಟಗಳಲ್ಲಿ ಪರೀಕ್ಷಾ ಜಾಲಕ್ಕೆ ತಮ್ಮ ಪ್ರೋಗ್ರಾಂ ಏರಿಸುವ ಯಾರೇ ಆಗಲಿ, ಮೊದಲು ಆ ಜಾಲದ ಪರೀಕ್ಷಾ ನಾಣ್ಯವನ್ನು ‘ಫಾಸೆಟ್’ ಎಂಬ ಉಚಿತ ಹಂಚಿಕೆ ಸೇವೆಯಿಂದ ಪಡೆಯಲೇಬೇಕು. ಅದಿಲ್ಲದೆ ಒಂದು ವಹಿವಾಟೂ ಮುಂದೆ ಹೋಗದು. ಆದರೆ ಐಟಿ ವಲಯದಲ್ಲೇ ಬೇರೆ ಕೆಲಸದಲ್ಲಿದ್ದು ಟೋಕನ್‌ಗಳನ್ನು ಕೇವಲ ಬಳಸುವವರಿಗೆ ಈ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ, ಅದರ ಸುತ್ತ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ. ಇಲ್ಲಿ ಅವುಗಳನ್ನು ಪಾಲಿಗಾನ್ ಜಾಲದ ಒಂದು ಕಲ್ಪಿತ ಉದಾಹರಣೆಯ ಮೂಲಕ ಪರಿಶೀಲಿಸಲಾಗಿದೆ. ಪಾಲಿಗಾನ್ ಭಾರತೀಯ ಎಂಜಿನಿಯರ್‌ಗಳು 2017ರಲ್ಲಿ ಮ್ಯಾಟಿಕ್ ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆ.

ನಂಬಿಕೆ: ಶುಲ್ಕವನ್ನು ಕಳುಹಿಸುವ ಟೋಕನ್‌ನಿಂದಲೇ ಮುರಿದುಕೊಳ್ಳಲಾಗುತ್ತದೆ

ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಎಂಜಿನಿಯರ್ ಎಕ್ಸ್‌ಚೇಂಜ್‌ನಲ್ಲಿ 100 ಯುಎಸ್‌ಡಿಸಿ ಕೊಂಡು, ಪಾಲಿಗಾನ್ ಜಾಲವನ್ನು ಆರಿಸಿ ತಮ್ಮ ವಾಲೆಟ್‌ಗೆ ಕಳುಹಿಸಿಕೊಂಡರು ಎಂದು ಭಾವಿಸೋಣ. ಎಕ್ಸ್‌ಚೇಂಜ್ 1 ಯುಎಸ್‌ಡಿಸಿಯನ್ನು ಶುಲ್ಕವಾಗಿ ಹಿಡಿದುಕೊಂಡು 99 ಕಳುಹಿಸಿತು. ಮರುದಿನ ಅವರು ಪೀಣ್ಯದಲ್ಲಿರುವ ಸ್ನೇಹಿತರಿಗೆ 40 ಯುಎಸ್‌ಡಿಸಿ ಕಳುಹಿಸಲು ಹೊರಟಾಗ ವಾಲೆಟ್ ಒಪ್ಪಲಿಲ್ಲ. ಹಿಂದಿನ ದಿನ ಟೋಕನ್‌ನಿಂದಲೇ ಕಡಿತವಾದ ಶುಲ್ಕ ಇಂದೂ ಹಾಗೆಯೇ ಕಡಿತವಾಗಬೇಕಲ್ಲವೇ ಎಂಬ ಅವರ ಪ್ರಶ್ನೆ ಸಹಜವಾದದ್ದೇ, ಏಕೆಂದರೆ ಈ ತಪ್ಪು ನಂಬಿಕೆ ಹುಟ್ಟುವುದೇ ಎಕ್ಸ್‌ಚೇಂಜ್‌ನ ಆ ಮೊದಲ ಅನುಭವದಿಂದ. ಅಂದು ಜಾಲಕ್ಕೆ ಶುಲ್ಕ ಕಟ್ಟಿದ್ದು ಎಕ್ಸ್‌ಚೇಂಜ್. ಅದು ತನ್ನ ವಾಲೆಟ್‌ನಲ್ಲಿದ್ದ ಜಾಲದ ನಾಣ್ಯದಿಂದ ಶುಲ್ಕ ತೆತ್ತು, ಆ ಖರ್ಚನ್ನು ತನ್ನ ಲೆಕ್ಕದಲ್ಲಿ ಗ್ರಾಹಕರಿಂದ ಯುಎಸ್‌ಡಿಸಿ ರೂಪದಲ್ಲಿ ವಸೂಲಿ ಮಾಡಿತ್ತು. ಸ್ವಂತ ವಾಲೆಟ್‌ನಿಂದ ಕಳುಹಿಸುವಾಗ ಅಂತಹ ಮಧ್ಯಸ್ಥರು ಯಾರೂ ಇರುವುದಿಲ್ಲ.

ಸತ್ಯ ತಿಳಿಯಬೇಕಾದರೆ ಶಿಲ್ಕು ಎಲ್ಲಿ ದಾಖಲಾಗುತ್ತದೆ ಎಂಬುದನ್ನು ನೋಡಬೇಕು. ಪಾಲಿಗಾನ್ ಜಾಲದಲ್ಲಿ ಪ್ರತಿ ವಿಳಾಸಕ್ಕೂ ಜಾಲವೇ ನೇರವಾಗಿ ನಿರ್ವಹಿಸುವ ಒಂದು ಖಾತೆ ಇದ್ದು, ಅದರಲ್ಲಿ ಆ ಜಾಲದ ಮೂಲ ನಾಣ್ಯದ ಶಿಲ್ಕು ಮಾತ್ರ ಇರುತ್ತದೆ. ಪರದೆಯ ಮೇಲೆ POL ಎಂದು ಕಾಣುವ ಪೋಲ್ ನಾಣ್ಯವೇ ಅಲ್ಲಿನ ಮೂಲ ನಾಣ್ಯ. ಯುಎಸ್‌ಡಿಸಿ ಆ ಖಾತೆಯಲ್ಲಿಲ್ಲ. ಅದು ಯುಎಸ್‌ಡಿಸಿಯ ಸ್ಮಾರ್ಟ್ ಕಾಂಟ್ರ್ಯಾಕ್ಟ್, ಎಂದರೆ ಜಾಲದ ಮೇಲೆ ನೆಲೆಗೊಳಿಸಿದ ಒಂದು ಪ್ರೋಗ್ರಾಂ, ತನ್ನೊಳಗೆ ಇಟ್ಟುಕೊಂಡ ಪಟ್ಟಿಯಲ್ಲಿ ‘ಈ ವಿಳಾಸಕ್ಕೆ ಇಷ್ಟು’ ಎಂದು ಬರೆದಿಟ್ಟ ಒಂದು ಸಂಖ್ಯೆ. 40 ಯುಎಸ್‌ಡಿಸಿ ಕಳುಹಿಸುವುದೆಂದರೆ ಆ ಪ್ರೋಗ್ರಾಂ ಅನ್ನು ಚಲಾಯಿಸಿ ಪಟ್ಟಿಯ ಎರಡು ಸಂಖ್ಯೆಗಳನ್ನು ಬದಲಿಸುವಂತೆ ಜಾಲವನ್ನು ಕೇಳಿಕೊಳ್ಳುವುದು. ಹಾಗೆ ಚಲಾಯಿಸುವ ಕೆಲಸಕ್ಕೆ ಜಾಲ ಕೇಳುವ ಕೂಲಿಯೇ ಶುಲ್ಕ. ಪ್ರೋಗ್ರಾಂ ಓಡುವ ಮೊದಲೇ ಈ ಕೂಲಿಗೆ ಸಾಕಷ್ಟು ನಾಣ್ಯವಿದೆಯೇ ಎಂದು ಜಾಲ ಪರಿಶೀಲಿಸುತ್ತದೆ; ಆ ಹಂತದಲ್ಲಿ ಅದು ನೋಡುವುದು ಪೋಲ್ ಶಿಲ್ಕನ್ನು ಮಾತ್ರ. ಕಾಂಟ್ರ್ಯಾಕ್ಟ್‌ನ ಪಟ್ಟಿಯಲ್ಲಿ 99 ಇದ್ದರೂ 99 ಲಕ್ಷ ಇದ್ದರೂ ಆ ಪರಿಶೀಲನೆಯ ಕಣ್ಣಿಗೆ ಅದು ಬೀಳುವುದಿಲ್ಲ.

ಇದರಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಶುಲ್ಕ ನಿಗದಿಯಾಗುವುದು ಕೆಲಸದ ಪ್ರಮಾಣದ ಮೇಲೆಯೇ ಹೊರತು ಕಳುಹಿಸುವ ಮೊತ್ತದ ಮೇಲೆ ಅಲ್ಲ. 40 ಯುಎಸ್‌ಡಿಸಿ ಕಳುಹಿಸಲು ಬೇಕಾಗುವಷ್ಟೇ ಶುಲ್ಕ 40,000 ಕಳುಹಿಸಲೂ ಸಾಕಾಗುತ್ತದೆ.

ನಂಬಿಕೆ: ವರ್ಗಾವಣೆ ವಿಫಲವಾಯಿತೆಂದರೆ ಹಣ ನಡುವೆ ಸಿಕ್ಕಿಕೊಂಡಿದೆ

ಈ ಬಗೆಯ ವೈಫಲ್ಯದಲ್ಲಿ ಹಣ ಹೊರಟೇ ಇರುವುದಿಲ್ಲ. ಮೇಲಿನ ಎಂಜಿನಿಯರ್ ವಾಲೆಟ್‌ನ ಎಚ್ಚರಿಕೆಯನ್ನು ಬದಿಗಿಟ್ಟು ವಹಿವಾಟನ್ನು ನೇರವಾಗಿ ಜಾಲಕ್ಕೆ ಸಲ್ಲಿಸಿದರೂ ಜಾಲದ ಕಂಪ್ಯೂಟರ್ ಅದನ್ನು ಬಾಗಿಲಲ್ಲೇ ತಡೆದು ಇಂತಹ ಸಂದೇಶವನ್ನು ಹಿಂದಿರುಗಿಸುತ್ತದೆ:

```
insufficient funds for gas * price + value: balance 0, tx cost 6500000000000000, overshot 6500000000000000
```

ಈ ಸಾಲನ್ನು ಓದುವುದು ಕಷ್ಟವಲ್ಲ. ಪ್ರೋಗ್ರಾಂ ಮಾಡುವ ಕೆಲಸವನ್ನು ‘ಗ್ಯಾಸ್’ ಎಂಬ ಏಕಮಾನದಲ್ಲಿ ಅಳೆಯಲಾಗುತ್ತದೆ, ಒಂದು ಗ್ಯಾಸ್‌ನ ಬೆಲೆಯನ್ನು ‘ಗ್ವೇ’ಯಲ್ಲಿ ಹೇಳಲಾಗುತ್ತದೆ, ಒಂದು ಗ್ವೇ ಎಂದರೆ ಪೋಲ್‌ನ ನೂರು ಕೋಟಿಯಲ್ಲಿ ಒಂದು ಭಾಗ. ವಾಲೆಟ್ ಈ ವರ್ಗಾವಣೆಗೆ 65,000 ಗ್ಯಾಸ್‌ನ ಮಿತಿಯನ್ನೂ ಪ್ರತಿ ಗ್ಯಾಸ್‌ಗೆ ಗರಿಷ್ಠ 100 ಗ್ವೇ ಬೆಲೆಯನ್ನೂ ನಮೂದಿಸಿದ್ದರೆ, ಎರಡನ್ನೂ ಗುಣಿಸಿದಾಗ 65 ಲಕ್ಷ ಗ್ವೇ, ಎಂದರೆ 0.0065 ಪೋಲ್ ಆಗುತ್ತದೆ. ಸಂದೇಶದಲ್ಲಿರುವ ಉದ್ದನೆಯ ಸಂಖ್ಯೆ ಅದೇ ಮೊತ್ತವನ್ನು ‘ವೇ’ ಎಂಬ ಇನ್ನೂ ಸಣ್ಣ ಏಕಮಾನದಲ್ಲಿ ಹೇಳುತ್ತದೆ. ಇರುವ ಶಿಲ್ಕು ಸೊನ್ನೆಯಾದ್ದರಿಂದ ಕೊರತೆಯೂ ಅಷ್ಟೇ ಆಗಿದೆ.

ಇಲ್ಲಿ ಹಲವರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ: ಪರಿಶೀಲನೆ ನಡೆಯುವುದು ಗರಿಷ್ಠ ಮೊತ್ತದ ಮೇಲೆ, ವಾಸ್ತವಿಕ ಖರ್ಚಿನ ಮೇಲೆ ಅಲ್ಲ. ನಿಜವಾಗಿ 60,000 ಗ್ಯಾಸ್ ಮಾತ್ರ ಖರ್ಚಾಗಿ, ಬೆಲೆಯೂ 50 ಗ್ವೇಗೆ ನಿಂತಿದ್ದರೆ, ಕೊನೆಗೆ ಕಡಿತವಾಗುತ್ತಿದ್ದದ್ದು 0.003 ಪೋಲ್ ಮಾತ್ರ. ಆದರೂ ಖಾತೆಯಲ್ಲಿ 0.004 ಪೋಲ್ ಇಟ್ಟುಕೊಂಡವರ ವಹಿವಾಟು ತಿರಸ್ಕೃತವಾಗುತ್ತದೆ. ‘ಶುಲ್ಕಕ್ಕೆ ಸಾಕಾಗುವಷ್ಟು ನಾಣ್ಯವಿದೆಯಲ್ಲ, ಆದರೂ ಹೋಗುತ್ತಿಲ್ಲ’ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಈ ವ್ಯತ್ಯಾಸವೇ.

ಹೀಗೆ ತಿರಸ್ಕೃತವಾದ ವಹಿವಾಟು ಯಾವ ಬ್ಲಾಕ್‌ಗೂ ಸೇರುವುದಿಲ್ಲ. ಜಾಲದ ಸಾರ್ವಜನಿಕ ದಾಖಲೆಯನ್ನು ತೋರಿಸುವ ಪಾಲಿಗಾನ್‌ಸ್ಕ್ಯಾನ್ ತಾಣದಲ್ಲಿ ತಮ್ಮ ವಿಳಾಸವನ್ನು ಹುಡುಕಿದರೆ ಆ ವಹಿವಾಟಿನ ಸುಳಿವೇ ಇರುವುದಿಲ್ಲ, 99 ಯುಎಸ್‌ಡಿಸಿ ಇದ್ದ ಹಾಗೆಯೇ ಕಾಣುತ್ತದೆ. ವಹಿವಾಟು ದಾಖಲೆಯಲ್ಲಿದ್ದು ಅದರ ಮುಂದೆ ವಿಫಲವೆಂಬ ಗುರುತಿದ್ದರೆ ಅದು ಬೇರೆಯೇ ತೊಂದರೆ: ಅಲ್ಲಿ ಶುಲ್ಕದ ಪರಿಶೀಲನೆ ಮುಗಿದು, ಪ್ರೋಗ್ರಾಂ ಓಡಲು ಆರಂಭಿಸಿ, ನಡುವೆ ಗ್ಯಾಸ್ ಮಿತಿ ತೀರಿಯೋ ಪ್ರೋಗ್ರಾಂನ ನಿಯಮಕ್ಕೆ ಹೊಂದದೆಯೋ ನಿಂತಿರುತ್ತದೆ. ಆಗ ಟೋಕನ್ ಹಿಂದಿರುಗುತ್ತದೆಯಾದರೂ ಶುಲ್ಕ ಹಿಂದಿರುಗುವುದಿಲ್ಲ.

ನಂಬಿಕೆ: ವಿಳಾಸ ಒಂದೇ ಆಗಿರುವುದರಿಂದ ಎಲ್ಲಿಯ ನಾಣ್ಯವಾದರೂ ನಡೆಯುತ್ತದೆ

ಎಥೀರಿಯಂ, ಪಾಲಿಗಾನ್, ಬಿಎನ್‌ಬಿ ಚೈನ್ ಮೊದಲಾದ ಜಾಲಗಳಲ್ಲಿ ಒಂದೇ ಗುಪ್ತ ಕೀಲಿಯಿಂದ ಒಂದೇ ವಿಳಾಸ ಹುಟ್ಟುತ್ತದೆ ಎಂಬುದು ನಿಜ. ಆದರೆ ಪ್ರತಿ ಜಾಲವೂ ಪ್ರತ್ಯೇಕ ಲೆಕ್ಕವನ್ನು ಇಡುವುದರಿಂದ, ಎಥೀರಿಯಂ ಜಾಲದಲ್ಲಿರುವ ಈಥರ್ ನಾಣ್ಯ ಪಾಲಿಗಾನ್‌ನ ಶುಲ್ಕಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಪೋಲ್ ವಿಷಯದಲ್ಲಿ ಈ ಗೊಂದಲ ಇನ್ನಷ್ಟು ಆಳವಾಗಿದೆ. ಪಾಲಿಗಾನ್‌ನ ಮೂಲ ನಾಣ್ಯ 2024ರ ಸೆಪ್ಟೆಂಬರ್ 4ರವರೆಗೆ ಮ್ಯಾಟಿಕ್ ಆಗಿದ್ದು, ಅಂದಿನಿಂದ ಪೋಲ್ ಆಗಿದೆ. ಆದರೆ ಮ್ಯಾಟಿಕ್ ಮತ್ತು ಪೋಲ್ ಎರಡೂ ಎಥೀರಿಯಂ ಜಾಲದ ಮೇಲೆಯೂ ಇವೆ, ಅಲ್ಲಿ ಅವು ಮೂಲ ನಾಣ್ಯಗಳಲ್ಲ, ಯುಎಸ್‌ಡಿಸಿಯಂತೆಯೇ ಟೋಕನ್‌ಗಳು. ಎಕ್ಸ್‌ಚೇಂಜ್‌ನಲ್ಲಿ ಪೋಲ್ ಕೊಂಡು ಅವಸರದಲ್ಲಿ ಎಥೀರಿಯಂ ಜಾಲವನ್ನು ಆರಿಸಿ ವಾಲೆಟ್‌ಗೆ ತರಿಸಿಕೊಂಡರೆ, ಪಾಲಿಗಾನ್‌ನ ಶುಲ್ಕಕ್ಕೆಂದು ತಂದ ಆ ಪೋಲ್ ಅನ್ನು ಕದಲಿಸಲು ಈಥರ್ ಬೇಕಾಗುತ್ತದೆ. ಒಂದು ತೊಂದರೆಯನ್ನು ಬಿಡಿಸಲು ಹೋಗಿ ಎರಡಕ್ಕೆ ಸಿಲುಕುವುದು ಹೀಗೆ.

ಆದ್ದರಿಂದ ಸರಿಯಾದ ಪರಿಹಾರವೆಂದರೆ, ಯುಎಸ್‌ಡಿಸಿ ಇರುವ ಅದೇ ವಿಳಾಸಕ್ಕೆ, ಪಾಲಿಗಾನ್ ಜಾಲವನ್ನೇ ಆರಿಸಿ, ಸ್ವಲ್ಪ ಪೋಲ್ ತರಿಸಿಕೊಳ್ಳುವುದು. ಎಕ್ಸ್‌ಚೇಂಜ್‌ಗಳು ಹಿಂಪಡೆಯುವ ಕನಿಷ್ಠ ಮೊತ್ತವನ್ನು ನಿಗದಿ ಮಾಡಿರುವುದುಂಟು. ಅದು ಅಗತ್ಯಕ್ಕಿಂತ ಹೆಚ್ಚೆನಿಸಿದರೆ, ಪರಿಚಿತರೊಬ್ಬರು ತಮ್ಮ ವಾಲೆಟ್‌ನಿಂದ ಕಳುಹಿಸುವ ಅರ್ಧ ಪೋಲ್ ಕೂಡ ಮೇಲಿನ ಲೆಕ್ಕದಂತೆ ಹತ್ತಾರು ವರ್ಗಾವಣೆಗಳಿಗೆ ಸಾಕು. ಒಂದು ಟೋಕನ್ ಕೊಟ್ಟು ಇನ್ನೊಂದನ್ನು ಪಡೆಯುವ ವಿನಿಮಯಕ್ಕೆ ಮಾತ್ರ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಅನುಮತಿ ನೀಡುವುದು ಒಂದು ವಹಿವಾಟು, ವಿನಿಮಯ ಮಾಡುವುದು ಇನ್ನೊಂದು.

ನಂಬಿಕೆ: ‘ಗ್ಯಾಸ್ ಇಲ್ಲದ’ ವರ್ಗಾವಣೆಯಲ್ಲಿ ಶುಲ್ಕವೇ ಇಲ್ಲ

ಶುಲ್ಕ ಇರುತ್ತದೆ, ಕಟ್ಟುವವರು ಬೇರೆ. ಬಳಕೆದಾರರು ‘ಇಷ್ಟು ಯುಎಸ್‌ಡಿಸಿಯನ್ನು ಇಂತಹವರಿಗೆ ಕೊಡಿ’ ಎಂಬ ಒಪ್ಪಿಗೆಗೆ ಸಹಿ ಮಾತ್ರ ಹಾಕುತ್ತಾರೆ; ಅದನ್ನು ಜಾಲಕ್ಕೆ ಸಲ್ಲಿಸುವ ಸೇವೆಯೊಂದು ತನ್ನ ಪೋಲ್‌ನಿಂದ ಶುಲ್ಕ ಕಟ್ಟಿ, ಬೇಕಿದ್ದರೆ ಅದಕ್ಕೆ ಬದಲಾಗಿ ಸ್ವಲ್ಪ ಯುಎಸ್‌ಡಿಸಿ ತೆಗೆದುಕೊಳ್ಳುತ್ತದೆ. ಭಾರತೀಯರು ಸಹಸ್ಥಾಪಕರಾಗಿರುವ ಬೈಕಾನಮಿ ಸಂಸ್ಥೆ ಹೆಸರಾದದ್ದು ಇದೇ ಕೆಲಸದಿಂದ. ಈ ಅನುಕೂಲ ದೊರೆಯುವುದು ವಾಲೆಟ್ ಮತ್ತು ಟೋಕನ್ ಎರಡೂ ಅದಕ್ಕೆ ಸಿದ್ಧವಾಗಿದ್ದಾಗ ಮಾತ್ರ. ಸೆಲೋ ಎಂಬ ಜಾಲದಲ್ಲಿ ಕೆಲವು ಟೋಕನ್‌ಗಳಿಂದ ನೇರವಾಗಿ ಶುಲ್ಕ ಕಟ್ಟಲು ಅವಕಾಶವಿದೆಯಾದರೂ ಅದು ವಿರಳವಾದ ಅಪವಾದ.

ನಂಬಿಕೆ: ಟೋಕನ್ ಬಿಡುಗಡೆಗೆ ಯಾರಿಗಾದರೂ ಶುಲ್ಕ ಕಳುಹಿಸಬೇಕು

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇದೇ, ಮತ್ತು ವಂಚಕರು ಬದುಕುವುದೂ ಇದರ ಮೇಲೆಯೇ. ನಕಲಿ ಹೂಡಿಕೆ ತಾಣಗಳು ಪರದೆಯ ಮೇಲೆ ದೊಡ್ಡ ಮೊತ್ತವನ್ನು ತೋರಿಸಿ, ಅದನ್ನು ಬಿಡಿಸಿಕೊಳ್ಳಲು ‘ಗ್ಯಾಸ್ ಶುಲ್ಕ’ವನ್ನು ತಾವು ಹೇಳಿದ ವಿಳಾಸಕ್ಕೆ ಕಳುಹಿಸುವಂತೆ ಕೇಳುತ್ತವೆ. ಇನ್ನೊಂದು ಬಲೆ ಇನ್ನೂ ಚತುರವಾದದ್ದು: ತಿಳಿಯದವರಂತೆ ಯಾರೋ ತಮ್ಮ ವಾಲೆಟ್‌ನ ಹನ್ನೆರಡು ಗುಪ್ತ ಪದಗಳನ್ನು ಬಹಿರಂಗವಾಗಿ ಹಾಕಿ ಸಹಾಯ ಕೇಳುತ್ತಾರೆ, ತೆರೆದು ನೋಡಿದರೆ ಟ್ರಾನ್ ಜಾಲದಲ್ಲಿ ಯುಎಸ್‌ಡಿಟಿ ಟೋಕನ್ ತುಂಬಿದ್ದು, ಅಲ್ಲಿನ ಮೂಲ ನಾಣ್ಯವಾದ ಟಿಆರ್‌ಎಕ್ಸ್ ಮಾತ್ರ ಇರುವುದಿಲ್ಲ. ಆಸೆಯಿಂದ ಟಿಆರ್‌ಎಕ್ಸ್ ಹಾಕಿದವರು ಅದನ್ನು ಕಳೆದುಕೊಳ್ಳುತ್ತಾರೆ, ಏಕೆಂದರೆ ಆ ಖಾತೆಯಿಂದ ಏನನ್ನಾದರೂ ಕಳುಹಿಸುವ ಅಧಿಕಾರವನ್ನು ವಂಚಕರು ಮೊದಲೇ ಬೇರೊಂದು ಕೀಲಿಗೆ ವರ್ಗಾಯಿಸಿರುತ್ತಾರೆ.

ನಿಜವಾದ ಜಾಲ ಶುಲ್ಕವನ್ನು ಗುರುತಿಸಲು ಒಂದೇ ಪರೀಕ್ಷೆ ಸಾಕು: ಶುಲ್ಕದ ನಾಣ್ಯ ವರ್ಗಾವಣೆಯ ಕ್ಷಣದವರೆಗೂ ಕಳುಹಿಸುವವರ ಸ್ವಂತ ವಿಳಾಸದಲ್ಲಿಯೇ ಇರುತ್ತದೆ, ಅಲ್ಲಿಂದ ಜಾಲವೇ ಅದನ್ನು ಕಡಿತ ಮಾಡಿಕೊಳ್ಳುತ್ತದೆ. ಅದನ್ನು ಇನ್ನೊಬ್ಬರ ವಿಳಾಸಕ್ಕೆ ಮುಂಗಡವಾಗಿ ಕಳುಹಿಸುವಂತೆ ಯಾರಾದರೂ ಕೇಳಿದರೆ ಅದು ಮೋಸವೇ. ಈಗಾಗಲೇ ಹಾಗೆ ಹಣ ಕಳುಹಿಸಿ ಮೋಸಹೋದವರು ನಾಚಿಕೆಯಿಂದ ಸುಮ್ಮನಿರದೆ, ವಹಿವಾಟಿನ ಸಂಖ್ಯೆ ಮತ್ತು ವಂಚಕರ ವಿಳಾಸವನ್ನು ಬರೆದಿಟ್ಟುಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.