ಕಾಕ್ಲಿಯರ್ ಇಂಪ್ಲಾಂಟ್: ವಿಮಾ ಕಂಪನಿಗೆ ಬರೆಯುವ ಪತ್ರ ಹೇಗಿರಬೇಕು?

ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಬೇಕೆಂದು ವೈದ್ಯರು ಹೇಳಿದ ಮೇಲೆ ಅಪ್ಪ ಅಮ್ಮ ವಿಮಾ ಕಂಪನಿಗೆ ಪತ್ರ ಬರೆಯುತ್ತಾರೆ. ಹೆಚ್ಚಿನವರು ಮನೆಯ ಕಷ್ಟದಿಂದ ಶುರುಮಾಡುತ್ತಾರೆ. ಕಷ್ಟ ನಿಜವೇ. ಆದರೆ ಕ್ಲೇಮು ನೋಡುವ ಅಧಿಕಾರಿ ತೀರ್ಮಾನಿಸುವುದು ಪಾಲಿಸಿಯ ಷರತ್ತು ಓದಿ. ಹಾಗಾಗಿ ಮೊದಲು ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಂಡು, ಯಾವುದಕ್ಕೆ ಹಣ ಕೊಡುವುದಿಲ್ಲ ಎಂದು ಬರೆದಿರುವ ಭಾಗವನ್ನು ಓದಿ.

ನಿರಾಕರಣೆಗೆ ಸಾಮಾನ್ಯವಾಗಿ ಎರಡು ಕಾರಣ ಬರುತ್ತವೆ. ಒಂದು, 'ಇದು ಹುಟ್ಟಿನಿಂದ ಬಂದ ದೋಷ'. ವಿಮಾ ನಿಯಂತ್ರಣ ಪ್ರಾಧಿಕಾರವು ಜನ್ಮದೋಷಗಳನ್ನು ಬಾಹ್ಯ, ಆಂತರಿಕ ಎಂದು ಎರಡಾಗಿ ವಿಂಗಡಿಸಿದೆ. ದೇಹದ ಕಾಣುವ ಭಾಗದಲ್ಲಿದ್ದರೆ ಬಾಹ್ಯ, ಇಲ್ಲದಿದ್ದರೆ ಆಂತರಿಕ. ಒಳಗಿವಿಯ ಕಾಕ್ಲಿಯಾ ತಲೆಬುರುಡೆಯ ಮೂಳೆಯೊಳಗಿದೆ. ನಿಮ್ಮ ಪಾಲಿಸಿ ಬಾಹ್ಯ ದೋಷವನ್ನಷ್ಟೇ ಕೈಬಿಟ್ಟಿದ್ದರೆ, ಷರತ್ತಿನ ಸಂಖ್ಯೆ ಸಮೇತ ಇದನ್ನು ಬರೆಯಿರಿ. ಆಂತರಿಕ ದೋಷಕ್ಕೆ ಕಾಯುವ ಅವಧಿ ಇದೆಯೇ ಎಂದೂ ನೋಡಿ.

ಎರಡನೆಯದು, 'ಕಿವಿಯ ಹಿಂದೆ ಹಾಕುವ ಪ್ರೊಸೆಸರ್ ಹೊರಗಿನ ಸಾಧನ, ಶ್ರವಣ ಸಾಧನದಂತೆ'. ಈ ವಾದಕ್ಕೆ ಇಂಪ್ಲಾಂಟಿನ ರಚನೆಯಲ್ಲೇ ಉತ್ತರವಿದೆ. ಶ್ರವಣ ಸಾಧನ ಶಬ್ದವನ್ನು ದೊಡ್ಡದು ಮಾಡುತ್ತದೆ. ಇಂಪ್ಲಾಂಟ್ ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುತ್ತದೆ. ಚರ್ಮದಡಿ ಕೂರಿಸುವ ಭಾಗದಲ್ಲಿ ಬ್ಯಾಟರಿಯಿಲ್ಲ. ಸಂಕೇತವೂ ಶಕ್ತಿಯೂ ಹೊರಗಿನ ಪ್ರೊಸೆಸರಿನಿಂದಲೇ ಚರ್ಮ ದಾಟಿ ಬರಬೇಕು. ಅದಿಲ್ಲದೆ ಶಸ್ತ್ರಚಿಕಿತ್ಸೆಯೇ ವ್ಯರ್ಥ. ಇದನ್ನು ಶಸ್ತ್ರಚಿಕಿತ್ಸಕರ ಪತ್ರದಲ್ಲೂ ಬರೆಸಿಕೊಳ್ಳಿ.

ಒಂದೂವರೆ ವರ್ಷದ ಮಗುವಿನ ಪತ್ರದ ತಿರುಳು ಹೀಗಿರಬಹುದು:

"ನಮ್ಮ ಮಗಳಿಗೆ ಬೇರಾ ಪರೀಕ್ಷೆಯಲ್ಲಿ 90 ಡೆಸಿಬಲ್‌ನಲ್ಲೂ ಎರಡೂ ಕಿವಿಗಳಿಂದ ಪ್ರತಿಕ್ರಿಯೆ ಬಂದಿಲ್ಲ. ಮೂರು ತಿಂಗಳು ಶ್ರವಣ ಸಾಧನ ಹಾಕಿಸಿದರೂ ಮಾತಿನ ಮಟ್ಟದ ಶಬ್ದ ಅವಳಿಗೆ ಕೇಳುತ್ತಿಲ್ಲವೆಂದು ಆಡಿಯಾಲಜಿಸ್ಟ್ ವರದಿ ಹೇಳುತ್ತದೆ. ಎಂಆರ್‌ಐನಲ್ಲಿ ಶ್ರವಣ ನರ ಕಾಣಿಸಿದೆ. ಶಸ್ತ್ರಚಿಕಿತ್ಸೆ ಮತ್ತು ಪ್ರೊಸೆಸರ್ ಸೇರಿದ ಪೂರ್ಣ ಸಾಧನಕ್ಕೆ ಮುಂಗಡ ಒಪ್ಪಿಗೆ ಕೋರುತ್ತೇವೆ. ನಿರಾಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತಿಳಿಸಿ."

ಪ್ರತಿ ಮಾತಿಗೂ ವರದಿ ಲಗತ್ತಿಸಿ. ಶ್ರವಣ ಸಾಧನ ಬಳಸಿ ನೋಡಿದ ವರದಿಯನ್ನು ಮರೆಯಲೇಬೇಡಿ. ಅದಿಲ್ಲದಿದ್ದರೆ 'ಮೊದಲು ಸಾಧನ ಹಾಕಿ ನೋಡಿ' ಎಂಬ ಉತ್ತರ ಬಂದು ತಿಂಗಳುಗಳು ಕಳೆಯುತ್ತವೆ. ಶಬ್ದವನ್ನು ಭಾಷೆಯಾಗಿ ಕಲಿಯುವ ಮೆದುಳಿನ ಶಕ್ತಿ ಮೊದಲ ಮೂರೂವರೆ ವರ್ಷಗಳಲ್ಲಿ ಅತಿ ಹೆಚ್ಚು. ಆದ್ದರಿಂದ ಮಗುವಿನ ಜನ್ಮದಿನಾಂಕವನ್ನು ಪತ್ರದ ಮೊದಲ ಸಾಲಿನಲ್ಲೇ ಇಡಿ.

ಪಾಲಿಸಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟನ್ನು ಹೆಸರಿಸಿಯೇ ಹೊರಗಿಟ್ಟಿದ್ದರೆ ಪತ್ರದಿಂದ ಹೆಚ್ಚು ಪ್ರಯೋಜನವಿಲ್ಲ. ಆಗ ಕೇಂದ್ರದ ಎಡಿಐಪಿ ಯೋಜನೆಗೆ ತಕ್ಷಣ ಅರ್ಜಿ ಹಾಕಿ. ಅದಕ್ಕೆ ವಯಸ್ಸಿನ ಮಿತಿಯೂ ಆದಾಯದ ಮಿತಿಯೂ ಇವೆ.

ಷರತ್ತು ನಿಮ್ಮ ಪರವಾಗಿದ್ದೂ ನಿರಾಕರಿಸಿದರೆ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಒಂದು ವರ್ಷದೊಳಗೆ ಸಲ್ಲಿಸಬೇಕು.